ಪ್ರಾಯೋಜಿತ ಬರಹ: ಬ್ರೀಫಿಗೂ ಒಪ್ಪಬೇಕು, ಓದುಗರೂ ನಂಬಬೇಕು. ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಸಲ ಹಣ ತಗೊಂಡು ಒಂದು ವಸ್ತುವಿನ ಬಗ್ಗೆ ಬರೆಯುವವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಉತ್ತರ ಗಾಳಿಯಲ್ಲಿ ತೇಲಬಾರದು ಅಂತ ಇಲ್ಲಿ ಉದ್ದಕ್ಕೂ ಒಂದೇ ಉದಾಹರಣೆ ಹಿಡಿದಿದ್ದೇನೆ. ಒಂದು ಕಂಪನಿ ಹೊಸ ಸ್ಟೀಲ್ ಫ್ಲಾಸ್ಕ್ ತಂದಿದೆ, ಅದರ ಬಗ್ಗೆ ನಿಮ್ಮಿಂದ ಒಂದು ಬರಹ ಬೇಕಂತೆ. ಕಂಪನಿ, ಫ್ಲಾಸ್ಕ್, ಅಳತೆ ಎಲ್ಲವೂ ವಿವರಿಸಲಿಕ್ಕಾಗಿ ಕಟ್ಟಿಕೊಂಡವು. ಆದರೆ ಬ್ರೀಫ್, ಅಂದರೆ ಏನು ಹೇಗೆ ಬರೆಯಬೇಕು ಅಂತ ಕಂಪನಿ ಕಳಿಸುವ ಪಟ್ಟಿ, ಅದರಲ್ಲಿರುವ ಬೇಡಿಕೆಗಳು ಮಾತ್ರ ನಿಮಗೂ ಬಂದೇ ಬರುತ್ತವೆ.

ಬ್ರೀಫ್ ಕೈಗೆ ಬಂತು. ಮೊದಲು ಏನು ಮಾಡಲಿ?

ಬರೆಯಲು ಕೂರಬೇಡಿ. ಒಪ್ಪಿಗೆಯನ್ನೂ ಆಗಲೇ ಕಳಿಸಬೇಡಿ. ಒಂದು ಪೆನ್ನು ಹಿಡಿದು ಬ್ರೀಫಿನ ಒಂದೊಂದೇ ಸಾಲು ಓದಿ.

ನಮ್ಮ ಫ್ಲಾಸ್ಕ್ ಕಂಪನಿಯ ಬ್ರೀಫ್ ಹೀಗಿದೆ ಅಂದುಕೊಳ್ಳಿ. 800 ಪದಗಳ ಬರಹ. ಮೂರು ವಿಷಯ ಬರಲೇಬೇಕು: 24 ಗಂಟೆ ಬಿಸಿ ಉಳಿಯುತ್ತದೆ, ಸೋರುವುದಿಲ್ಲ, ಒಂದೇ ಕೈಯಲ್ಲಿ ತೆರೆಯಬಹುದು. ಎರಡು ಲಿಂಕ್, ಎರಡೂ ಪ್ರಾಯೋಜಿತ ಎಂಬ ಗುರುತಿಲ್ಲದ ಸಾಮಾನ್ಯ ಲಿಂಕ್ ಆಗಿರಬೇಕು. ‘ಅತ್ಯುತ್ತಮ ಸ್ಟೀಲ್ ಫ್ಲಾಸ್ಕ್’ ಎಂಬ ಪದಗುಚ್ಛ ಎಂಟು ಸಲ ಬರಬೇಕು. ಬೇರೆ ಬ್ರ್ಯಾಂಡಿನ ಹೆಸರು ಬೇಡ. ನಕಾರಾತ್ಮಕ ಮಾತು ಬೇಡ. ‘ಪ್ರಾಮಾಣಿಕ ವಿಮರ್ಶೆ’ ಎಂದು ಶೀರ್ಷಿಕೆಯಲ್ಲಿರಲಿ. ಪ್ರಾಯೋಜಿತ ಎಂಬ ಸೂಚನೆ ಕೊನೆಯಲ್ಲಿ ಸಾಕು. ಐದು ದಿನದಲ್ಲಿ ಡ್ರಾಫ್ಟ್ ಬೇಕು.

ಇದರಲ್ಲಿ ಮೂರು ಜಾತಿಯ ಬೇಡಿಕೆಗಳು ಬೆರೆತಿವೆ. ಪದಗಳ ಸಂಖ್ಯೆ, ಲಿಂಕ್ ಎಲ್ಲಿಗೆ ಹೋಗಬೇಕು, ಯಾವ ಮಾದರಿ, ಯಾವಾಗ ಪ್ರಕಟ, ಇವೆಲ್ಲ ಬ್ರ್ಯಾಂಡಿನ ಹಕ್ಕು. ಹಣ ಕೊಡುತ್ತಿರುವುದೇ ಅದಕ್ಕೆ. ಇಲ್ಲಿ ಹಠ ಮಾಡಬೇಡಿ. ‘24 ಗಂಟೆ ಬಿಸಿ’, ‘ಸೋರುವುದಿಲ್ಲ’ ಎಂಬಂಥವು ಹೇಳಿಕೆಗಳು. ಇವು ನಿಜವೋ ಸುಳ್ಳೋ ಅಂತ ನೋಡಬಹುದಾದ್ದರಿಂದ, ನೋಡಿದ ಮೇಲಷ್ಟೇ ಬರೆಯಬೇಕು. ಮೂರನೆಯದು ತೀರ್ಪು: ಇದು ಒಳ್ಳೆಯದೇ, ಯಾರಿಗೆ ಒಳ್ಳೆಯದು, ಎಲ್ಲಿ ಕಡಿಮೆ ಬೀಳುತ್ತದೆ. ಅದು ಮಾರಾಟಕ್ಕಿಲ್ಲ. ‘ನಕಾರಾತ್ಮಕ ಮಾತು ಬೇಡ’ ಎಂಬ ಸಾಲು ಕೈ ಹಾಕುವುದು ಇದಕ್ಕೇ.

ಈ ಮೂರನ್ನೂ ಮೂರು ಬಣ್ಣದಲ್ಲಿ ಗುರುತು ಮಾಡಿದರೆ, ಮುಂದೆ ಜಗಳ ಬರುವ ಜಾಗ ಯಾವುದು ಅಂತ ಅವತ್ತೇ ಕಾಣುತ್ತದೆ. ಡ್ರಾಫ್ಟ್ ಬರೆದ ಮೇಲೆ ಜಗಳ ಆಡುವುದಕ್ಕಿಂತ ಈಗಲೇ ಒಂದು ಮೇಲ್ ಬರೆಯುವುದು ಸುಲಭ.

ಆ ಮೇಲ್ ಹೇಗಿರಬೇಕು?

ಚಿಕ್ಕದಾಗಿ, ಮರ್ಯಾದೆಯಿಂದ, ಭಾಷಣ ಇಲ್ಲದೆ ಇರಲಿ. ನಾನಾದರೆ ಹೀಗೆ ಬರೆಯುತ್ತೇನೆ:

“ನಮಸ್ತೆ ಮೇಡಂ, ಬ್ರೀಫ್ ಓದಿದೆ. ಪದಮಿತಿ, ಲಿಂಕ್, ಮೂರೂ ವಿಷಯ ಎಲ್ಲ ಸರಿ. ನಾಲ್ಕು ಮಾತು ಮೊದಲೇ ಹೇಳಿಬಿಡುತ್ತೇನೆ. ವಸ್ತುವನ್ನು ಬಳಸಿ ನೋಡಿದ ಮೇಲೆ ಬರೆಯುತ್ತೇನೆ, ಅದಕ್ಕೆ ಐದು ದಿನ ಸಾಲದು, ಫ್ಲಾಸ್ಕ್ ಕೈಸೇರಿದ ಮೇಲೆ ಹನ್ನೆರಡು ದಿನ ಬೇಕು. ಪ್ರಾಯೋಜಿತ ಎಂಬ ಸೂಚನೆ ಮೇಲುಗಡೆಯೇ ಇರುತ್ತದೆ. ಲಿಂಕಿಗೆ ಪ್ರಾಯೋಜಿತ ಎಂಬ ಗುರುತು ಇರುತ್ತದೆ. ಡ್ರಾಫ್ಟ್ ನಿಮಗೆ ಒಂದು ಸಲ ಕಳಿಸುತ್ತೇನೆ. ಮಾಹಿತಿ ತಪ್ಪಿದ್ದರೆ ಖಂಡಿತ ತಿದ್ದುತ್ತೇನೆ, ಅಭಿಪ್ರಾಯ ಮಾತ್ರ ನನ್ನದೇ ಇರುತ್ತದೆ. ಒಪ್ಪಿಗೆಯಾದರೆ ಮುಂದುವರಿಯೋಣ.”

ಇದಕ್ಕೆ ‘ಸರಿ’ ಎಂಬ ಉತ್ತರ ಬರಹದಲ್ಲಿ ಬರಬೇಕು. ಫೋನಿನಲ್ಲಿ ಬಂದರೆ, ‘ಈಗ ಮಾತಾಡಿದಂತೆ’ ಅಂತ ಶುರುಮಾಡಿ ನೀವೇ ಒಂದು ಮೇಲ್ ಹಾಕಿಬಿಡಿ. ಯಾಕೆಂದರೆ ಬ್ರೀಫ್ ಕಳಿಸುವವರು ಒಬ್ಬರು, ಡ್ರಾಫ್ಟ್ ಓದುವವರು ಇನ್ನೊಬ್ಬರು ಆಗಿರುವುದೇ ಜಾಸ್ತಿ. ಮಧ್ಯೆ ಏಜೆನ್ಸಿ ಇದ್ದರಂತೂ ಮೂರನೆಯವರೂ ಇರುತ್ತಾರೆ. ಅವರಿಗೆ ನಿಮ್ಮ ಫೋನ್ ಮಾತು ಗೊತ್ತಿರುವುದಿಲ್ಲ.

ಹಣದ ಬಗ್ಗೆ ಒಂದು ಮಾತು ಇದೇ ಮೇಲಿನಲ್ಲಿ ಸೇರಲಿ. ಸ್ವಲ್ಪ ಭಾಗ ಮುಂಗಡ ಕೇಳಿ. ಬರಹ ಪ್ರಕಟವಾಗದೆ ನಿಂತರೂ ಆ ಮುಂಗಡ ನಿಮ್ಮದೇ ಎಂದು ಬರೆಯಿರಿ. ಪೂರ್ತಿ ಹಣ ಪ್ರಕಟಣೆಯ ಮೇಲೆ ನಿಂತಿದ್ದರೆ, ಕೊನೇ ದಿನ ‘ಆ ಸಾಲು ತೆಗೀರಿ’ ಅಂದಾಗ ನಿಮ್ಮ ಕೈ ನಡುಗುತ್ತದೆ.

‘24 ಗಂಟೆ ಬಿಸಿ’ ಎಂಬ ಹೇಳಿಕೆಯನ್ನು ನಾನು ಹೇಗೆ ಪರೀಕ್ಷಿಸಲಿ? ನಾನೇನು ಲ್ಯಾಬ್ ಇಟ್ಟಿದ್ದೇನಾ?

ಲ್ಯಾಬ್ ಬೇಡ. ಆದರೆ ಹೇಳಿಕೆಯೊಳಗೆ ಅಡಗಿರುವ ಪ್ರಶ್ನೆ ಯಾವುದು ಅಂತ ಮೊದಲು ಹುಡುಕಬೇಕು. ಇಲ್ಲಿ ಅದು ‘ಬಿಸಿ’ ಎಂಬ ಪದ. ಎಷ್ಟು ಡಿಗ್ರಿಗೆ ಬಿಸಿ? ಕುಡಿದರೆ ನಾಲಿಗೆ ಚುರ್ರ್ ಅನ್ನುವಷ್ಟೋ, ಕೋಣೆಯ ಗಾಳಿಗಿಂತ ಸ್ವಲ್ಪ ಬೆಚ್ಚಗೋ? ಬ್ರ್ಯಾಂಡಿಗೆ ಮೂರು ವಿಷಯ ಕೇಳಿ: ಎಷ್ಟು ಡಿಗ್ರಿಯ ನೀರಿನಿಂದ ಶುರುಮಾಡಿದಿರಿ, 24 ಗಂಟೆ ಆದಮೇಲೆ ಎಷ್ಟಿತ್ತು, ಯಾವ ಅಳತೆಯ ಫ್ಲಾಸ್ಕ್? ಮೂರನೆಯದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ದೊಡ್ಡ ಫ್ಲಾಸ್ಕ್ ನಿಧಾನ ಆರುತ್ತದೆ, ಚಿಕ್ಕದು ಬೇಗ ಆರುತ್ತದೆ. ದೊಡ್ಡದರಲ್ಲಿ ಮಾಡಿದ ಪರೀಕ್ಷೆಯನ್ನು ಚಿಕ್ಕದರ ಡಬ್ಬಿಯ ಮೇಲೆ ಅಚ್ಚು ಹಾಕಿದ್ದರೂ ಹಾಕಿರಬಹುದು.

ಪರೀಕ್ಷೆಗೆ ಅಡುಗೆಮನೆಯ ಥರ್ಮಾಮೀಟರ್ ಒಂದು ಸಾಕು. ಫ್ಲಾಸ್ಕಿಗೆ ಬಿಸಿನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ. ಇಲ್ಲದಿದ್ದರೆ ತಣ್ಣಗಿರುವ ಸ್ಟೀಲೇ ಮೊದಲ ಬಿಸಿ ಹೀರಿಕೊಳ್ಳುತ್ತದೆ. ಆಮೇಲೆ ಕುದಿದ ನೀರು ತುಂಬಿ, ಅಳೆದು, ಮುಚ್ಚಿ. ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಒಂದೇ ಸಲ ತುಂಬಿ, 6 ಗಂಟೆಗೆ ತೆರೆದು ಅಳೆದು, ಮತ್ತೆ 12 ಗಂಟೆಗೆ, ಮತ್ತೆ 24ಕ್ಕೆ ಅಳೆಯುತ್ತಾರೆ. ಪ್ರತಿ ಸಲ ಮುಚ್ಚಳ ತೆಗೆದಾಗ ಆವಿ ಹೋಗುತ್ತದೆ, ಮುಂದಿನ ಅಂಕಿ ಕೆಡುತ್ತದೆ. ಬ್ರ್ಯಾಂಡಿಗೆ ಅನ್ಯಾಯ. ಆದ್ದರಿಂದ ಮೂರು ಸಲ ಬೇರೆ ಬೇರೆ ತುಂಬಿ, ಒಂದೊಂದು ಸಲ ಒಂದೇ ಅಳತೆ ತಗೊಳ್ಳಿ.

ಕೋಣೆಯಲ್ಲಿ 25 ಡಿಗ್ರಿ, ನೀರು ಶುರುವಿಗೆ 95 ಡಿಗ್ರಿ ಇತ್ತು ಅಂದುಕೊಳ್ಳೋಣ. 6 ಗಂಟೆಗೆ 80, 12 ಗಂಟೆಗೆ 68, 24 ಗಂಟೆಗೆ 52 ಬಂತು. ಇನ್ನೊಂದು ಸಲ ಅರ್ಧ ಮಾತ್ರ ತುಂಬಿ ನೋಡಿದಿರಿ, 12 ಗಂಟೆಗೇ 55ಕ್ಕೆ ಇಳಿದಿತ್ತು. ನೀರು ಕಡಿಮೆ ಇದ್ದಾಗ ಹಿಡಿದಿಟ್ಟ ಶಾಖವೂ ಕಡಿಮೆ, ಹೊರಗೆ ಹೋಗುವ ದಾರಿ ಮಾತ್ರ ಹೆಚ್ಚು ಕಡಿಮೆ ಅಷ್ಟೇ.

ಈಗ ನಿಮ್ಮ ಕೈಯಲ್ಲಿ ಬ್ರೀಫಿನಲ್ಲಿ ಇಲ್ಲದ ಒಂದು ವಿಷಯ ಇದೆ. ಓದುಗರು ಬರುವುದೇ ಅದಕ್ಕೆ.

ಪರೀಕ್ಷೆಯಲ್ಲಿ ಬ್ರ್ಯಾಂಡಿನ ಮಾತು ಅರ್ಧ ನಿಜ ಅಂತ ಗೊತ್ತಾಯಿತು. ಈಗ?

ಹೆಚ್ಚಿನ ಸಲ ಆಗುವುದು ಇದೇ. ಪೂರ್ತಿ ಸುಳ್ಳು ಅಪರೂಪ, ಪೂರ್ತಿ ನಿಜವೂ ಅಪರೂಪ. 52 ಡಿಗ್ರಿ ತಣ್ಣಗಿನ ನೀರಲ್ಲ. ಆದರೆ ಚಹಾ ಕುಡಿಯುವವರು ಅದನ್ನು ಬಿಸಿ ಅನ್ನುವುದಿಲ್ಲ, ಬೆಚ್ಚಗಿದೆ ಅನ್ನುತ್ತಾರೆ.

ಹೊಸಬರು ಇಲ್ಲಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಒಂದು, ಕಣ್ಣು ಮುಚ್ಚಿ ‘24 ಗಂಟೆ ಬಿಸಿ’ ಅಂತ ಬರೆದುಬಿಡುವುದು. ಇನ್ನೊಂದು, ‘ಕಂಪನಿ ಹೇಳುವ ಪ್ರಕಾರ 24 ಗಂಟೆ ಬಿಸಿ ಇರುತ್ತದಂತೆ’ ಅಂತ ಜಾರಿಕೊಳ್ಳುವುದು. ಎರಡನೆಯದು ಜಾಣತನದಂತೆ ಕಾಣುತ್ತದೆ, ಆದರೆ ನನಗೆ ಅದು ಮೊದಲನೆಯದಕ್ಕಿಂತ ಕೆಟ್ಟದು ಅನಿಸುತ್ತದೆ. ನೀವು ಅಳೆದು ನೋಡಿದ್ದೀರಿ, ಉತ್ತರ ಗೊತ್ತಿದೆ, ಆದರೂ ಓದುಗರಿಗೆ ಹೇಳುತ್ತಿಲ್ಲ.

ಮೂರನೆಯ ದಾರಿ, ಅಂಕಿಯನ್ನೇ ಮುಂದಿಡುವುದು:

“ಬೆಳಿಗ್ಗೆ ಆರಕ್ಕೆ ತುಂಬಿದ ನೀರು ಸಂಜೆ ಆರಕ್ಕೆ 68 ಡಿಗ್ರಿ ಇತ್ತು. ಚಹಾ ಮಾಡಿಟ್ಟಿದ್ದರೆ ಊದಿ ಊದಿ ಕುಡಿಯಬೇಕಿತ್ತು. ಮರುದಿನ ಬೆಳಿಗ್ಗೆಯವರೆಗೆ ಬಿಟ್ಟರೆ 52ಕ್ಕೆ ಇಳಿಯಿತು. ಡಬ್ಬಿಯ ಮೇಲಿನ ‘24 ಗಂಟೆ’ಯನ್ನು ನಾನು ‘24 ಗಂಟೆ ಬೆಚ್ಚಗೆ, 12 ಗಂಟೆ ನಿಜವಾಗಿ ಬಿಸಿ’ ಅಂತ ಓದುತ್ತೇನೆ. ಕಂಠಮಟ್ಟ ತುಂಬಿ, ಅರ್ಧ ತುಂಬಿದರೆ ಈ ಲೆಕ್ಕ ನಡೆಯುವುದಿಲ್ಲ.”

ಇದನ್ನು ಬ್ರ್ಯಾಂಡಿನ ಕಣ್ಣಿನಿಂದ ಓದಿ ನೋಡಿ. ಅವರ ‘24 ಗಂಟೆ’ ಬಂದಿದೆ. 12 ಗಂಟೆಯ ಒಳ್ಳೆಯ ಅಂಕಿ ಮೊದಲು ಬಂದಿದೆ. ಕೊರತೆ ಬಂದಿದೆ, ಜೊತೆಗೇ ಅದನ್ನು ಕಡಿಮೆ ಮಾಡುವ ಉಪಾಯವೂ ಇದೆ. ಓದಿ ಕೊಂಡವರು ಮರುದಿನ ಬೆಳಿಗ್ಗೆ ಬೈಯುವುದಿಲ್ಲ, ವಾಪಸ್ ಕಳಿಸುವುದೂ ಇಲ್ಲ. ಸ್ವಲ್ಪ ಅನುಭವವಿರುವ ಮಾರ್ಕೆಟಿಂಗ್‌ನವರಿಗೆ ಇದು ಅರ್ಥವಾಗುತ್ತದೆ.

ಹೇಳಿಕೆ ಪೂರ್ತಿ ಬಿದ್ದುಹೋದರೆ ಮಾತು ಬೇರೆ. ಫ್ಲಾಸ್ಕನ್ನು ಮಗುಚಿ ಇಟ್ಟರೆ ಸೋರಿತು ಅನ್ನಿ. ಆಗ ಬರೆಯುವ ಮೊದಲು ಬ್ರ್ಯಾಂಡಿಗೆ ತಿಳಿಸಿ, ಇನ್ನೊಂದು ಫ್ಲಾಸ್ಕ್ ಕೇಳಿ. ನಿಮಗೆ ಸಿಕ್ಕ ಒಂದೇ ಕೆಟ್ಟಿರಬಹುದು. ಎರಡನೆಯದೂ ಸೋರಿದರೆ ‘ಸೋರುವುದಿಲ್ಲ’ ಎಂಬ ಸಾಲು ಬರೆಯಲಾಗುವುದಿಲ್ಲ. ಅವರು ಆ ಸಾಲು ಬಿಡಲು ಒಪ್ಪದಿದ್ದರೆ ಕೆಲಸ ಅಲ್ಲಿಗೇ ನಿಲ್ಲಲಿ. ಆ ಸಾಲು ಬಿಟ್ಟು, ಸೋರುವುದರ ಬಗ್ಗೆ ತುಟಿ ಬಿಚ್ಚದೆ, ಉಳಿದದ್ದನ್ನು ಹೊಗಳುವುದೂ ಮೋಸವೇ. ಚೀಲದಲ್ಲಿ ಲ್ಯಾಪ್‌ಟಾಪ್ ಪಕ್ಕ ಫ್ಲಾಸ್ಕ್ ಇಡುವವರಿಗೆ ಬೇಕಾದದ್ದು ಅದೊಂದೇ ಮಾಹಿತಿ.

ಕೊರತೆ ಬರೆದರೆ ಬ್ರ್ಯಾಂಡ್ ಮುನಿಸಿಕೊಳ್ಳುವುದಿಲ್ವಾ?

ಕೊರತೆಯನ್ನು ಎಲ್ಲಿ, ಹೇಗೆ ಬರೆಯುತ್ತೀರಿ ಎಂಬುದರ ಮೇಲಿದೆ. ‘ಮುಚ್ಚಳ ಚೆನ್ನಾಗಿಲ್ಲ’ ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಅದರಿಂದ ಓದುಗರಿಗೂ ಉಪಯೋಗ ಇಲ್ಲ. ‘ಮುಚ್ಚಳದ ಒಳಗಿನ ಸಂದಿಗೆ ಬ್ರಷ್ ಹೋಗುವುದಿಲ್ಲ, ಹಾಲು ಹಾಕಿದ ಚಹಾ ತುಂಬಿದರೆ ಎರಡನೇ ದಿನ ವಾಸನೆ ಬರುತ್ತದೆ, ನೀರಿಗಾದರೆ ತೊಂದರೆ ಇಲ್ಲ’ ಅಂದರೆ ಅದು ತೀರ್ಮಾನಕ್ಕೆ ನೆರವಾಗುವ ಮಾತು. ನೀರು ಒಯ್ಯುವವರು ಧೈರ್ಯವಾಗಿ ಕೊಳ್ಳುತ್ತಾರೆ, ಹಾಲಿನ ಚಹಾದವರು ಯೋಚಿಸುತ್ತಾರೆ. ಆ ಎರಡನೆಯವರು ಕೊಂಡಿದ್ದರೆ ಬ್ರ್ಯಾಂಡಿಗೆ ಬರುತ್ತಿದ್ದುದು ಕೆಟ್ಟ ರೇಟಿಂಗ್ ಮಾತ್ರ.

ಸಾಮಾನ್ಯವಾಗಿ ಕೊರತೆಯನ್ನು ನಾನು ಬರಹದ ಮೂರನೇ ಎರಡು ಭಾಗ ಕಳೆದ ಮೇಲೆ, ಬಳಕೆಯ ವಿವರದ ನಡುವೆ ಇಡುತ್ತೇನೆ. ಕೊನೆಯಲ್ಲಿ ‘ಕೊರತೆಗಳು’ ಅಂತ ಬೇರೆ ತಲೆಬರಹ ಕೊಟ್ಟು, ಅದರ ಕೆಳಗೆ ‘ಬಣ್ಣ ಇನ್ನೂ ಜಾಸ್ತಿ ಇರಬೇಕಿತ್ತು’ ಎಂಬಂಥ ಹುಸಿ ಕೊರತೆ ಬರೆಯುವ ಒಂದು ಚಟ ಇದೆ. ಓದುಗರು ದಡ್ಡರಲ್ಲ. ನಿಜವಾದ ಕೊರತೆಯನ್ನು ಮುಚ್ಚಿಡಲು ತಂದ ಪರದೆ ಅದು ಅಂತ ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಬ್ರ್ಯಾಂಡ್ ಸಿದ್ಧ ವಾಕ್ಯಗಳನ್ನು ಕಳಿಸಿ ‘ಹಾಗೇ ಹಾಕಿ’ ಅನ್ನುತ್ತದೆ. ಏನು ಮಾಡಲಿ?

ಯಾವ ವಾಕ್ಯ ಅಂತ ನೋಡಿ. ಅಳತೆ, ತೂಕ, ಯಾವ ಸ್ಟೀಲು, ಗ್ಯಾರಂಟಿಯ ಷರತ್ತು, ಇವು ಅವರ ಮಾತಿನಲ್ಲೇ ಇದ್ದರೆ ಒಳ್ಳೆಯದು. ನೀವು ಬದಲಾಯಿಸಲು ಹೋದರೆ ತಪ್ಪಾಗಬಹುದು. ‘ನಾನು ಇದನ್ನು ದಿನವೂ ಬಳಸುತ್ತೇನೆ, ಇದಿಲ್ಲದೆ ಹೊರಗೆ ಹೋಗುವುದೇ ಇಲ್ಲ’ ಎಂಬಂಥ ‘ನಾನು’ ವಾಕ್ಯವನ್ನು ಬೇರೆಯವರು ಬರೆದುಕೊಡಲಾಗುವುದಿಲ್ಲ. ಅದು ಬರಹದ ಶೈಲಿಯ ವಿಚಾರವಷ್ಟೇ ಅಲ್ಲ. ಬಳಸದ ವಸ್ತುವನ್ನು ಬಳಸಿದ್ದೇನೆ ಅನ್ನಬಾರದು ಎಂಬುದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನ ಶಿಫಾರಸು ಜಾಹೀರಾತು ಮಾರ್ಗಸೂಚಿಯಲ್ಲೇ ಇದೆ. 2023ರಲ್ಲಿ ಪರಿಷ್ಕರಿಸಿದ ಆ ಮಾರ್ಗಸೂಚಿಯ ಪ್ರಕಾರ, ಸುಳ್ಳು ಹೇಳಿಕೆಗೆ ಬ್ರ್ಯಾಂಡ್ ಮಾತ್ರವಲ್ಲ, ಬರೆದವರೂ ಹೊಣೆಯಾಗಬಹುದು.

ನಡುವಿನ ದಾರಿ ಒಂದಿದೆ. ಅವರ ಘೋಷವಾಕ್ಯ ಬರಲೇಬೇಕು ಅಂದರೆ ಉದ್ಧರಣ ಚಿಹ್ನೆಯೊಳಗೆ, ಇದು ಬ್ರ್ಯಾಂಡಿನ ಮಾತು ಅಂತ ಹೇಳಿ ಹಾಕಿ. ಅವರ ದನಿ ಅವರದು, ನಿಮ್ಮ ದನಿ ನಿಮ್ಮದು ಅಂತ ಕಣ್ಣಿಗೆ ಕಂಡರೆ ಸಾಕು.

ಇನ್ನು ‘ಪ್ರಾಮಾಣಿಕ ವಿಮರ್ಶೆ’ ಎಂಬ ಶೀರ್ಷಿಕೆ. ದಯವಿಟ್ಟು ಬೇಡ. ಪ್ರಾಮಾಣಿಕ ಅಂತ ಹಣೆಗೆ ಬರೆದುಕೊಂಡು ಬಂದವರನ್ನು ಯಾರು ನಂಬುತ್ತಾರೆ? ‘ಈ ಫ್ಲಾಸ್ಕ್ 12 ಗಂಟೆ ಆದಮೇಲೆ ಎಷ್ಟು ಬಿಸಿ ಇರುತ್ತದೆ’ ಎಂಬ ಶೀರ್ಷಿಕೆ ಕೊಡಿ. ಬ್ರ್ಯಾಂಡಿಗೂ ಹುಡುಕಾಟದಲ್ಲಿ ಅದೇ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಪ್ರಾಯೋಜಿತ ಅಂತ ಎಲ್ಲಿ ಬರೆಯಬೇಕು? ಕೊನೆಯಲ್ಲಿ ಚಿಕ್ಕದಾಗಿ ಹಾಕಿದರೆ ಸಾಲದೇ?

ಸಾಲದು. ಶೀರ್ಷಿಕೆಯ ಕೆಳಗೆ, ಮೊದಲ ಪ್ಯಾರಾಕ್ಕಿಂತ ಮೇಲೆ, ಮೊದಲ ಲಿಂಕಿಗಿಂತಲೂ ಮೇಲೆ ಇರಬೇಕು. ಫೋನಿನಲ್ಲಿ ತೆರೆದಾಗ ಬೆರಳು ಆಡಿಸದೆಯೇ ಕಾಣಬೇಕು. ಬರಹದ ಅಕ್ಷರ ಎಷ್ಟು ದೊಡ್ಡದೋ ಇದೂ ಅಷ್ಟೇ ದೊಡ್ಡದಿರಲಿ, ಬಿಳಿ ಹಿನ್ನೆಲೆಯಲ್ಲಿ ಬೂದುಬಣ್ಣದ ಕಣ್ಣಾಮುಚ್ಚಾಲೆ ಬೇಡ. ಅಮೆರಿಕದ ಮಾರ್ಗಸೂಚಿಯ ಮಾತಿನಲ್ಲಿ, ಅದು ಕಣ್ಣುತಪ್ಪಲು ಕಷ್ಟವಾಗುವಂತೆ ಇರಬೇಕು. ಭಾರತದ ಜಾಹೀರಾತು ಗುಣಮಟ್ಟ ಮಂಡಳಿ 2021ರಲ್ಲಿ ತಂದ ಮಾರ್ಗಸೂಚಿಯೂ ಸೂಚನೆ ಮೊದಲಿಗೇ, ಎದ್ದು ಕಾಣುವಂತೆ ಇರಬೇಕು ಅನ್ನುತ್ತದೆ. ನಿಮ್ಮ ಓದುಗರು ಇರುವ ದೇಶದ ನಿಯಮವನ್ನು ಒಮ್ಮೆ ಓದಿಕೊಳ್ಳಿ. ಹೆಚ್ಚಿನ ಕಡೆ ತಿರುಳು ಇದೇ.

ಬರಹ ಯಾವ ಭಾಷೆಯಲ್ಲಿದೆಯೋ ಸೂಚನೆಯೂ ಆ ಭಾಷೆಯಲ್ಲೇ ಇರಲಿ. ‘ಕೊಲ್ಯಾಬ್’, ‘ಎಸ್‌ಪಿ’ ಎಂಬ ಗುಟ್ಟಿನ ಚೀಟಿಗಳು ಬೇಡ, ಅವು ಏನು ಅಂತ ಎಲ್ಲರಿಗೂ ಗೊತ್ತಿರುವುದಿಲ್ಲ. ‘ಈ ಬರಹ ಸಾಧ್ಯವಾಗಿಸಿದ ಗೆಳೆಯರಿಗೆ ಧನ್ಯವಾದ’ ಎಂಬುದೂ ಬೇಡ. ನಮ್ಮ ಉದಾಹರಣೆಗೆ ಇಷ್ಟು ಸಾಕು:

“ಪ್ರಾಯೋಜಿತ ಬರಹ. ಈ ಬರಹಕ್ಕೆ ಫ್ಲಾಸ್ಕ್ ತಯಾರಿಸಿದ ಕಂಪನಿ ನನಗೆ ಹಣ ಕೊಟ್ಟಿದೆ, ಫ್ಲಾಸ್ಕನ್ನೂ ಉಚಿತವಾಗಿ ಕೊಟ್ಟಿದೆ. ಡ್ರಾಫ್ಟನ್ನು ಕಂಪನಿ ಪ್ರಕಟಣೆಗೆ ಮೊದಲು ಓದಿದೆ, ಮಾಹಿತಿಯ ತಪ್ಪು ತಿದ್ದಿದೆ. ಪರೀಕ್ಷೆ ಮತ್ತು ಅಭಿಪ್ರಾಯ ನನ್ನವು.”

ಮೂರನೆಯ ವಾಕ್ಯ ಬರೆಯುವವರು ಕಡಿಮೆ. ಬ್ರ್ಯಾಂಡ್ ಮೊದಲೇ ಓದಿದೆ ಎಂಬುದು ಓದುಗರಿಗೆ ಗೊತ್ತಿರಬೇಕಾದ ವಿಷಯ ಅಲ್ವಾ?

ಒಂದು ಸಲ ನಾನೇ ಈ ಸೂಚನೆಯನ್ನು ಕೊನೆಯಲ್ಲಿ ಹಾಕಿ ಏಟು ತಿಂದಿದ್ದೇನೆ. ಬ್ರ್ಯಾಂಡ್ ಕೇಳಿತು, ನಾನು ‘ಎಲ್ಲಿದ್ದರೇನು’ ಅಂದುಕೊಂಡೆ. ಒಬ್ಬ ಹಳೆಯ ಓದುಗರು ಬರೆದರು: “ಕೊನೆಯವರೆಗೂ ನೀವೇ ದುಡ್ಡು ಕೊಟ್ಟು ಕೊಂಡಿದ್ದು ಅಂತ ಓದಿಕೊಂಡು ಬಂದೆ.” ಬರಹದಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೂ ಅವರಿಗೆ ಮೋಸ ಹೋದ ಭಾವನೆ ಬಂತು, ಅದು ನ್ಯಾಯವೇ.

ಹಣ ಕೊಟ್ಟಿಲ್ಲ, ವಸ್ತು ಮಾತ್ರ ಕೊಟ್ಟಿದ್ದಾರೆ. ಆಗಲೂ ಹೇಳಬೇಕಾ?

ಹೌದು. ಉಚಿತ ವಸ್ತು, ಪ್ರವಾಸ, ರಿಯಾಯಿತಿ, ಲಿಂಕಿನಿಂದ ಬರುವ ಕಮಿಷನ್, ಆ ಕಂಪನಿಯಲ್ಲಿ ಕೆಲಸ ಮಾಡುವ ಅಣ್ಣ, ಎಲ್ಲಕ್ಕೂ ಇದೇ ಉತ್ತರ.

ಲಿಂಕಿಗೆ ಯಾವ ಗುರುತೂ ಬೇಡ ಅನ್ನುತ್ತಾರೆ. ಅದೇನು ಸಮಸ್ಯೆ?

ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವ ಲಿಂಕನ್ನು ಗೂಗಲ್ ಒಂದು ಬಗೆಯ ಶಿಫಾರಸು ಅಂತ ಎಣಿಸುತ್ತದೆ. ಹಣ ಪಡೆದು ಕೊಟ್ಟ ಲಿಂಕು ಹಾಗೆ ಎಣಿಕೆಗೆ ಸಿಗಬಾರದು ಎಂಬುದು ಅದರ ನಿಯಮ. ಇದಕ್ಕೆಂದೇ 2019ರಲ್ಲಿ `sponsored` ಎಂಬ ಗುರುತನ್ನು ಸೇರಿಸಿದರು. ಅದಕ್ಕೂ ಮೊದಲು 2005ರಿಂದ ಇದ್ದ `nofollow` ಕೂಡ ನಡೆಯುತ್ತದೆ. ಬರೆಯುವುದು ಹೀಗೆ:

```html
<a href="https://example.com/flask" rel="sponsored">ಫ್ಲಾಸ್ಕಿನ ವಿವರ</a>
```

ಗುರುತು ಇದ್ದರೂ ಓದುಗರು ಒತ್ತಿದಾಗ ಲಿಂಕ್ ಮೊದಲಿನಂತೆಯೇ ಕೆಲಸ ಮಾಡುತ್ತದೆ. ಬ್ರ್ಯಾಂಡಿಗೆ ಬರುವ ಜನ ಬರುತ್ತಾರೆ. ಕಮ್ಮಿಯಾಗುವುದು ಹುಡುಕಾಟದ ರ‍್ಯಾಂಕಿಗೆ ಸಿಗುವ ಬೆಂಬಲ ಮಾತ್ರ. ಗುರುತಿಲ್ಲದ ಲಿಂಕ್ ಮಾರಿದರೆ ಗೂಗಲ್ ಲಿಂಕ್ ಕೊಟ್ಟವರ ಮೇಲೂ ಪಡೆದವರ ಮೇಲೂ ಕ್ರಮ ಕೈಗೊಳ್ಳಬಹುದು, ಆಗ ಬ್ರ್ಯಾಂಡಿಗೂ ನಷ್ಟ. ಹೀಗೆ ವಿವರಿಸಿದರೆ ಬಹಳ ಬ್ರ್ಯಾಂಡ್‌ಗಳು ಒಪ್ಪುತ್ತವೆ. ಒಪ್ಪದೆ ಅದೊಂದನ್ನೇ ಹಿಡಿದು ಕೂತವರಿಗೆ ಬೇಕಿದ್ದದ್ದು ನಿಮ್ಮ ಬರಹ ಅಲ್ಲ, ಲಿಂಕು. ಅದು ಬೇರೆ ವ್ಯಾಪಾರ.

ಒಂದೇ ಪದಗುಚ್ಛ ಎಂಟು ಸಲ ಬರಬೇಕಂತೆ.

ಶೀರ್ಷಿಕೆಯಲ್ಲೋ ಮೊದಲ ಪ್ಯಾರಾದಲ್ಲೋ ಒಂದು ಸಲ, ನಡುವೆ ಸಹಜವಾಗಿ ಬಂದರೆ ಇನ್ನೊಂದು ಸಲ. ಎಂಟು ಸಲ ತುರುಕಿದ್ದನ್ನು ಜೋರಾಗಿ ಓದಿ ಧ್ವನಿ ಮುದ್ರಿಸಿ ಅವರಿಗೆ ಕಳಿಸಿ. ತಮಾಷೆಗೆ ಹೇಳುತ್ತಿಲ್ಲ, ನನ್ನ ವಿಷಯದಲ್ಲಿ ಇದು ಕೆಲಸ ಮಾಡಿದೆ. ಇನ್ನು ‘ಅತ್ಯುತ್ತಮ’ ಎಂಬ ಪದ. ಒಂದೇ ಫ್ಲಾಸ್ಕ್ ನೋಡಿದವರು ಅತ್ಯುತ್ತಮ ಅನ್ನುವುದು ಹೇಗೆ? ‘ಸ್ಟೀಲ್ ಫ್ಲಾಸ್ಕ್’ ಅಂತಷ್ಟೇ ಇರಲಿ ಎಂದು ಕೇಳಿಕೊಳ್ಳಿ.

ಬೇರೆ ಬ್ರ್ಯಾಂಡಿನ ಹೆಸರು ಬೇಡ ಎಂಬ ಷರತ್ತು ಒಪ್ಪಬಹುದಾ?

ಒಪ್ಪಬಹುದು. ಹೋಲಿಕೆ ಬೇಕಾದರೆ ‘ನನ್ನ ಹಳೆಯ ಫ್ಲಾಸ್ಕ್’ ಅಂದರೆ ಸಾಕು. ಆದರೆ ನಿಮ್ಮ ಹಳೆಯ ಬರಹಗಳಲ್ಲಿರುವ ಹೆಸರು ತೆಗೆಯಿರಿ ಅಂದರೆ ಒಪ್ಪಬೇಡಿ.

ಡ್ರಾಫ್ಟ್ ವಾಪಸ್ ಬಂತು, ತುಂಬಾ ಕೆಂಪು ಗೆರೆ. ಯಾವುದು ತಿದ್ದಲಿ, ಯಾವುದು ಬಿಡಲಿ?

ಒಂದೊಂದಾಗಿ ನೋಡೋಣ. ಫ್ಲಾಸ್ಕಿನ ಡ್ರಾಫ್ಟಿಗೆ ನಾಲ್ಕು ಟಿಪ್ಪಣಿ ಬಂದಿವೆ ಅನ್ನಿ.

ಮೊದಲನೆಯದು: ‘750 ಮಿಲಿಲೀಟರ್ ಅಂತ ಬರೆದಿದ್ದೀರಿ, ಅದು 700.’ ನಿಮ್ಮ ತಪ್ಪು. ತಿದ್ದಿ, ಥ್ಯಾಂಕ್ಸ್ ಹೇಳಿ.

ಎರಡನೆಯದು: ‘ಫೋಟೋದಲ್ಲಿ ಲೋಗೋ ಕಾಣುತ್ತಿಲ್ಲ.’ ಅವರ ಹಕ್ಕು. ಇನ್ನೊಂದು ಫೋಟೋ ತೆಗೆಯಿರಿ.

ಮೂರನೆಯದು: ‘24 ಗಂಟೆ ಬೆಚ್ಚಗೆ ಎಂಬುದನ್ನು ಬಿಸಿ ಎಂದು ಮಾಡಿ.’ ಇಲ್ಲಿ ನಿಲ್ಲಬೇಕು. ಆದರೆ ‘ಆಗಲ್ಲ’ ಅಂತ ಒಂದೇ ಮಾತಿನಲ್ಲಿ ಕಳಿಸಬೇಡಿ. “ನನ್ನ ಅಳತೆಯಲ್ಲಿ 52 ಡಿಗ್ರಿ ಬಂದಿದೆ, ಥರ್ಮಾಮೀಟರಿನ ಫೋಟೋ ಜೊತೆಗಿದೆ. ನಿಮ್ಮ ಪರೀಕ್ಷೆಯ ವರದಿ ಇದ್ದರೆ ಕಳಿಸಿ, ಅದರ ಅಂಕಿಯನ್ನೂ ಪಕ್ಕದಲ್ಲಿ ಹಾಕುತ್ತೇನೆ” ಅನ್ನಿ. ಮಾತು ಈಗ ಅಭಿಪ್ರಾಯದಿಂದ ಅಂಕಿಗೆ ಬಂತು. ವರದಿ ಬಂದರೆ ಬರಹ ಇನ್ನೂ ಗಟ್ಟಿಯಾಗುತ್ತದೆ. ಬಾರದಿದ್ದರೆ ಅವರೇ ಸುಮ್ಮನಾಗುತ್ತಾರೆ.

ನಾಲ್ಕನೆಯದು ಹೆಚ್ಚು ಸ್ವಾರಸ್ಯದ್ದು: ‘ಮುಚ್ಚಳ ತೊಳೆಯುವುದು ಕಷ್ಟ ಎಂಬ ಭಾಗ ತೆಗೆಯಿರಿ.’ ಯಾಕೆ ಅಂತ ಕೇಳಿ. ‘ಒಳಗಿನ ರಬ್ಬರ್ ಬಳೆ ಕಳಚಿ ಬರುತ್ತದೆ, ಕೈಪಿಡಿಯಲ್ಲಿ ಇದೆ’ ಅಂತ ಉತ್ತರ ಬರಬಹುದು. ನೀವೇ ಕಳಚಿ ನೋಡಿ. ಬಂದರೆ ಬರಹ ಬದಲಾಗಬೇಕು. ತೆಗೆದುಹಾಕುವುದಲ್ಲ, ಸರಿಮಾಡುವುದು: “ಮೊದಲ ವಾರ ವಾಸನೆ ಬಂತು. ರಬ್ಬರ್ ಬಳೆ ಕಳಚಿ ತೊಳೆಯಬಹುದು ಅಂತ ಆಮೇಲೆ ಗೊತ್ತಾಯಿತು. ಉಗುರಿಗೆ ಸ್ವಲ್ಪ ಕೆಲಸ ಇದೆ, ಆದರೆ ವಾಸನೆ ಹೋಯಿತು.” ಬ್ರ್ಯಾಂಡ್ ತೆಗೆಸಲು ಬಂದ ಸಾಲು ಈಗ ಕೊಳ್ಳುವವರಿಗೆ ಬಹಳ ಉಪಯೋಗವಾಗುವ ಸಾಲಾಯಿತು. ಹಾಗಾಗಿ ಕೆಂಪು ಗೆರೆ ಕಂಡ ತಕ್ಷಣ ಯಾರೋ ಮೈಮೇಲೆ ಬಿದ್ದಂತೆ ಆಡಬೇಡಿ. ಅವರಿಗೆ ತಮ್ಮ ವಸ್ತು ನಿಮಗಿಂತ ಚೆನ್ನಾಗಿ ಗೊತ್ತಿರುವ ಸಂದರ್ಭಗಳೂ ಇವೆ.

ಒಂದು ಸುತ್ತು ಮುಗಿದ ಮೇಲೆ ಎರಡನೇ ಸುತ್ತು ಬಂದರೆ, ಮೊದಲ ಮೇಲನ್ನು ನೆನಪಿಸಿ. ಪ್ರತಿ ಸುತ್ತಿನಲ್ಲೂ ಒಂದೊಂದು ಚೂಪು ಸಾಲು ಮೊಂಡಾಗುತ್ತದೆ. ನಾಲ್ಕು ಸುತ್ತು ಕಳೆದರೆ ಅದು ಅವರ ಕೈಪಿಡಿಯೇ ಆಗಿರುತ್ತದೆ.

ಪ್ರಕಟವಾದ ಮೇಲೆ ಓದುಗರು ‘ನನ್ನದು ಎರಡೇ ತಿಂಗಳಿಗೆ ಹಾಳಾಯಿತು’ ಅಂತ ಬರೆದರು. ಬ್ರ್ಯಾಂಡ್ ಅದನ್ನು ಅಳಿಸಿ ಅನ್ನುತ್ತಿದೆ.

ಅಳಿಸಬೇಡಿ. ಬೈಗುಳ ಇದ್ದರೆ ಬೇರೆ ಮಾತು. ಏನು ಹಾಳಾಯಿತು ಅಂತ ಓದುಗರನ್ನು ಕೇಳಿ, ಬ್ರ್ಯಾಂಡಿಗೂ ತಿಳಿಸಿ, ಅಲ್ಲೇ ಉತ್ತರ ಕೊಡಲು ಹೇಳಿ. ನಿರ್ವಾತ ಹೋದ ಫ್ಲಾಸ್ಕನ್ನು ಗುರುತಿಸುವುದು ಸುಲಭ: ಕುದಿಯುವ ನೀರು ಹಾಕಿ ಸ್ವಲ್ಪ ಹೊತ್ತಿಗೆ ಹೊರಮೈ ಬಿಸಿಯಾದರೆ, ಒಳಗೋಡೆ ಹೊರಗೋಡೆಗಳ ನಡುವೆ ಗಾಳಿ ಸೇರಿದೆ. ಇಂಥ ದೂರು ಎರಡು ಮೂರು ಬಂದರೆ ಬರಹದ ಮೇಲ್ಭಾಗದಲ್ಲಿ ದಿನಾಂಕ ಹಾಕಿ ಒಂದು ಸೇರ್ಪಡೆ ಬರೆಯಿರಿ. ಇದಕ್ಕೆ ಅನುಕೂಲವಾಗಲಿ ಅಂತ ಒಪ್ಪಂದದಲ್ಲಿ ‘ಪ್ರಕಟವಾದ ಮೇಲೆ ಹೊಸ ಮಾಹಿತಿ ಸೇರಿಸುವ ಸ್ವಾತಂತ್ರ್ಯ ಬರೆದವರಿಗಿದೆ’ ಎಂಬ ಒಂದು ಸಾಲು ಇರಲಿ.

ಕೆಲವರು ಆರು ತಿಂಗಳ ನಂತರ ಬಂದು ‘ಹಳೇ ಬರಹ ತಾನೇ, ಪ್ರಾಯೋಜಿತ ಎಂಬ ಸೂಚನೆ ತೆಗೆಯಬಹುದಲ್ವಾ’ ಅಂತ ಕೇಳುತ್ತಾರೆ. ಬರಹ ಇರುವವರೆಗೂ ಸೂಚನೆ ಇರುತ್ತದೆ. ಇವತ್ತು ಮೊದಲ ಸಲ ಓದುವವರಿಗೆ ಅದು ಹಳೆಯದಲ್ಲ.

ಯಾವಾಗ ಬೇಡ ಅನ್ನಬೇಕು?

ವಸ್ತು ಕಳಿಸದೆ ‘ಬಳಸಿದಂತೆ ಬರೆಯಿರಿ’ ಅಂದಾಗ. ಸೂಚನೆಯೇ ಬೇಡ ಅಂದಾಗ. ನೀವು ಪರೀಕ್ಷಿಸಲಾಗದ, ತಪ್ಪಾದರೆ ಓದುಗರಿಗೆ ಪೆಟ್ಟಾಗುವ ಹೇಳಿಕೆ ಇದ್ದಾಗಲೂ ಅಷ್ಟೇ. ‘ಈ ಫ್ಲಾಸ್ಕಿನ ನೀರು ಕುಡಿದರೆ ಸಕ್ಕರೆ ಕಾಯಿಲೆ ಕಡಿಮೆಯಾಗುತ್ತದೆ’ ಎಂಬ ಸಾಲು ಬ್ರೀಫಿನಲ್ಲಿ ಕಂಡರೆ ಥರ್ಮಾಮೀಟರ್ ಹುಡುಕುವ ಕೆಲಸವೇ ಇಲ್ಲ.

ಬೇಡ ಅನ್ನುವ ಇಮೇಲ್ ಕೂಡ ಚಿಕ್ಕದಾಗಿರಲಿ: “ಬ್ರೀಫಿನ ಈ ಒಂದು ಅಂಶ ನನ್ನಿಂದ ಆಗುವುದಿಲ್ಲ. ಅದನ್ನು ಬಿಟ್ಟರೆ ಬರೆಯಬಲ್ಲೆ.” ನನಗೆ ಇದಕ್ಕೆ ಬಂದ ಉತ್ತರಗಳಲ್ಲಿ ಕೆಲವು ‘ಸರಿ, ಅದನ್ನು ಬಿಡಿ’ ಎಂದೇ ಇದ್ದವು. ಆ ಅಂಶವನ್ನು ಯಾರೋ ಹಳೆಯ ಬ್ರೀಫಿನಿಂದ ನಕಲು ಮಾಡಿ ಅಂಟಿಸಿದ್ದರಂತೆ.